ಎರಡನೇ ಅಕ್ಷರಕ್ಕೆ ಕಾವಲು

ಊರಿನವರಿಗೆಲ್ಲ ಬೀಗ ಮಾಡಿಕೊಡುವ ಮನುಷ್ಯ ತನ್ನ ಅಂಗಡಿಗೆ ಎರಡು ಬೀಗ ಹಾಕುತ್ತಿದ್ದ. ಒಂದು ತಾನೇ ರಿಪೇರಿ ಮಾಡಿದ್ದು. ಅದರ ಮೇಲೆ ತನಗೇ ನಂಬಿಕೆ ಸಾಲದೆ ಹಾಕಿದ್ದು ಇನ್ನೊಂದು. ಹಾಗಾಗಿ ಬೀದಿಯವರು ಅವನಿಗೆ 'ಡಬಲ್ ಬೀಗ' ಎಂದು ಹೆಸರಿಟ್ಟಿದ್ದರು. ಹೆಸರು ಕಿವಿಗೆ ಬಿದ್ದರೆ ಅವನಿಗೆ ಕೋಪ ಬರುತ್ತಿರಲಿಲ್ಲ, ಮೊದಲು ಇಟ್ಟವರು ಯಾರು ಎಂಬ ಅನುಮಾನ ಬರುತ್ತಿತ್ತು. ಚಿಲ್ಲರೆ ಕೊಟ್ಟರೆ ನಾಣ್ಯವನ್ನು ತಿರುಗಿಸಿ ನೋಡುವವನು, ನಮಸ್ಕಾರ ಅಂದರೆ ಹಿಂದೆ ಯಾರಿದ್ದಾರೆ ಎಂದು ಹೊರಳಿ ನೋಡುವವನು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರಲ್ಲ, ಇವನಿಗೆ ಹಳದಿ ಬಣ್ಣ ಕಂಡರೆ ಅದರ ಮೇಲೂ ಗುಮಾನಿ.

ಅಂಗಡಿ ಎಂದರೆ ನಾಲ್ಕು ಹೆಜ್ಜೆಯ ಗೂಡು. ಕೀ ಕೊರೆಯುವ ಮಿಷನ್ನು, ಗೋಡೆಯ ಮೊಳೆಗಳಲ್ಲಿ ನೇತುಹಾಕಿದ ಖಾಲಿ ಕೀಲಿಗಳು, ನೆಲದ ಮೇಲೆ ಹಿತ್ತಾಳೆಯ ಪುಡಿ. ಪಕ್ಕದ ಗೂಡಿನಲ್ಲಿ ಅವನ ಅಕ್ಕ ಇಸ್ತ್ರಿ ಹಾಕುತ್ತಿದ್ದಳು. ತಾಯಿ ಬೇಗ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು, ಉಣಿಸಿದವಳು, ಎರಡು ಬಾರಿಸಿದವಳು ಅವಳೇ. ನಡುವೆ ತೆಳ್ಳನೆಯ ತಗಡಿನ ಗೋಡೆ. ಆ ಕಡೆಯಿಂದ ಅವಳು ಗುನುಗಿದರೆ ಈ ಕಡೆ ಕೀಲಿಗಳು ಸಣ್ಣಗೆ ನಡುಗುತ್ತಿದ್ದವು. ದನಿ ಅಂಥದ್ದು. ಯಾರನ್ನೂ ನಂಬದ ಈ ಮಹಾನುಭಾವ ಅವಳ ದನಿಯೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದ.

ಇವರದೊಂದು ಹಾಡಿನ ತಂಡವಿತ್ತು. ಅಕ್ಕ ಹಾಡುವುದು, ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಡ್ರಮ್ಮಿನವನು ಬಾರಿಸುವುದು, ಡಬಲ್ ಬೀಗ ಪದ ಕಟ್ಟುವುದು. ಊರಿನ ರೇಡಿಯೊದವರು ಆಗಾಗ ಒಂದು ವಿಷಯ ಕೊಟ್ಟು, ತಂಡಗಳಿಂದ ಸರದಿಯಂತೆ ಹಾಡಿಸಿ, ಒಂದನ್ನು ಆರಿಸಿ ದಿನವೂ ಹಾಕುತ್ತಿದ್ದರು. ತನ್ನ ಪಲ್ಲವಿ ಬೀದಿಬೀದಿಯಲ್ಲಿ ಕೇಳಬೇಕು ಎನ್ನುವುದು ಅವನ ಆಸೆ. ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳಿದರೆ ಯಾರಾದರೂ ಕದಿಯುತ್ತಾರೆ.

ಪಲ್ಲವಿ ಕಟ್ಟುವ ಅವನ ಕ್ರಮವೇ ಬೇರೆ. ಬೇರೆಯವರು ಸಾಲಿನ ಕೊನೆ ಹೊಂದಿಸಿ ಪ್ರಾಸ ಆಯಿತು ಅನ್ನುತ್ತಿದ್ದರು. ಇವನು ಸಾಲಿನ ಮೊದಲ ಪದದ ಎರಡನೇ ಅಕ್ಷರವನ್ನು ಹಿಡಿಯುತ್ತಿದ್ದ. "ಕೊನೆಯ ಪ್ರಾಸ ಕೇಳೋ ಹೊತ್ತಿಗೆ ಜನ ಎದ್ದು ಹೋಗಿರ್ತಾರೆ. ಬಾಗಿಲಲ್ಲೇ ಹಿಡಿದು ನಿಲ್ಲಿಸ್ಬೇಕು," ಎನ್ನುವುದು ಅವನ ವಾದ. ಮೊದಲ ಅಕ್ಷರ ಏನಾದರೂ ಇರಲಿ, ಎರಡನೆಯದರ ವ್ಯಂಜನ ನಾಲ್ಕು ಸಾಲಿಗೂ ಒಂದೇ ಆಗಬೇಕು. ಹೀಗೆ ಹೊಂದುವ ಪದಗಳ ಗುಂಪಿಗೆ ಅವನು 'ಗೊಂಚಲು' ಅನ್ನುತ್ತಿದ್ದ, ಕೀಗೊಂಚಲಿನ ಅಭ್ಯಾಸದಿಂದ.

ಎರಡನೇ ಅಕ್ಷರ ಸೇರಿಬಿಟ್ಟರೆ ಸಾಲದು, ಮೊದಲನೆಯದರ ತೂಕವೂ ಕೂಡಬೇಕು. 'ನಡೆ', 'ಗಿಡ', 'ಹಿಡಿ' ಒಂದು ಗೊಂಚಲು, ಯಾಕೆಂದರೆ ಮೂರರಲ್ಲೂ ಮೊದಲ ಅಕ್ಷರ ಗಿಡ್ಡ. 'ಹಾಡು' ಅಲ್ಲಿಗೆ ಬರುವಂತಿಲ್ಲ. 'ಡ' ಇದ್ದರೇನು, 'ಹಾ' ಎಂದು ಬಾಯಿ ತೆರೆದು ನಿಂತರೆ ತಾಳ ಮುಂದೆ ಹೋಗಿರುತ್ತದೆ. ಅದು 'ಕಾಡು', 'ಗೂಡು', 'ಬೇಡ' ಇವರ ಸಂಗಡ. ನಡುವೆ ಸೊನ್ನೆ ಬಂದರೆ ಇನ್ನೊಂದು ಮನೆ: 'ಮಿಂಚು', 'ಅಂಚು', 'ಕೊಂಚ'. ಒತ್ತಕ್ಷರ ಬಂದರೆ ಮತ್ತೊಂದು: 'ನಿಜ'ಕ್ಕೂ 'ಸಜ್ಜು'ಗೂ ಸಂಬಂಧ ಕೂಡದು, ಒಂದರಲ್ಲಿ 'ಜ' ಒಂಟಿ, ಇನ್ನೊಂದರಲ್ಲಿ ಜೋಡಿ. ಎರಡನೇ ಅಕ್ಷರದ ಸ್ವರ ಮಾತ್ರ ಹೇಗಾದರೂ ಇರಬಹುದು. 'ಸಜ್ಜು', 'ಅಜ್ಜ', 'ಹೆಜ್ಜೆ' ಮೂರೂ ನಡೆಯುತ್ತವೆ. ಪಂಡಿತರು ಇವಕ್ಕೆಲ್ಲ ಸಿಂಹ, ಆನೆ, ಗೂಳಿ, ಕುದುರೆ ಎಂದು ಪ್ರಾಣಿಗಳ ಹೆಸರಿಟ್ಟಿದ್ದಾರೆ ಎಂದು ಕೇಳಿದಾಗ ಡ್ರಮ್ಮಿನವನು, "ಅದಕ್ಕೇ ನಿನ್ನ ತಲೆಯೊಳಗೆ ಯಾವಾಗ್ಲೂ ಗದ್ದಲ," ಎಂದಿದ್ದ.

ಪದ ಹುಡುಕುವಾಗ ಸ್ಫೂರ್ತಿಗೀರ್ತಿ ಎಂದು ಆಕಾಶ ನೋಡುತ್ತಿರಲಿಲ್ಲ. ಎರಡನೇ ಅಕ್ಷರವನ್ನು ಗಟ್ಟಿಯಾಗಿ ಹಿಡಿದು, ಮೊದಲನೆಯ ಜಾಗದಲ್ಲಿ ವರ್ಣಮಾಲೆಯನ್ನು 'ಅ'ದಿಂದ ಒಂದೊಂದಾಗಿ ನಿಲ್ಲಿಸಿ ನೋಡುತ್ತಿದ್ದ. ಅರ್ಥ ಹುಟ್ಟಿದರೆ ಸರಿ, ಇಲ್ಲದಿದ್ದರೆ ಮುಂದಕ್ಕೆ. ಗಿರಾಕಿಗಳು ಬಾಗಿಲಲ್ಲಿ ನಿಂತು ಇವನು ತನ್ನಷ್ಟಕ್ಕೆ "ಕಿಂಚು, ಕುಂಚು, ಕೆಂಚು" ಎಂದು ಗೊಣಗುವುದನ್ನು ಕೇಳಿ ಬೇರೆ ಅಂಗಡಿಗೆ ಹೋದದ್ದೂ ಉಂಟು.

ಮೊದಲ ಅನುಮಾನ ಹತ್ತಿಕೊಂಡದ್ದು ವಿದ್ಯುತ್ ಉಳಿಸುವ ಹಾಡಿನಲ್ಲಿ. ಇವನು 'ಮಿಂಚು, ಹಂಚು, ಅಂಚು, ಕೊಂಚ' ಎಂದು ಗೊಂಚಲು ಕಟ್ಟಿ ಬೀಗುತ್ತಿರುವಾಗಲೇ ಎದುರು ತಂಡದವರ ಹಾಡು ರೇಡಿಯೊದಲ್ಲಿ ಬಂತು. ಅದರಲ್ಲೂ ಮಿಂಚು, ಅದರಲ್ಲೂ ಹಂಚು, ಅದರಲ್ಲೂ ಕೊಂಚ. ಆ ತಂಡದ ಪದಗಾರ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದ ಕಾರಣ ಅವನಿಗೆ 'ಕೂಲಿಂಗ್ ಗ್ಲಾಸು' ಎಂದೇ ಹೆಸರು. ಕಣ್ಣು ತೋರಿಸದ ಮನುಷ್ಯ ಕಳ್ಳನಲ್ಲದೆ ಇನ್ನೇನು ಎಂದು ಡಬಲ್ ಬೀಗ ತೀರ್ಮಾನಿಸಿದ. ಆದರೆ ಕಳ್ಳನಿಗೆ ಬಾಗಿಲು ತೆಗೆದುಕೊಟ್ಟವರು ಒಳಗಿನವರೇ ಇರಬೇಕು. ಗೊಂಚಲು ಗೊತ್ತಿದ್ದದ್ದು ಅಕ್ಕನಿಗೆ, ಡ್ರಮ್ಮಿನವನಿಗೆ, ಮನೆಯಲ್ಲಿ ಹೆಂಡತಿಗೆ. ಅಲ್ಲಿಂದ ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಹೆಂಡತಿ ಫೋನಿನಲ್ಲಿ ನಕ್ಕರೆ ಯಾರ ಜೊತೆ ಎಂದು ಕಿವಿ ನಿಮಿರುತ್ತಿತ್ತು. ಡ್ರಮ್ಮಿನವನು ಹೊಸ ಚಪ್ಪಲಿ ಮೆಟ್ಟಿ ಬಂದರೆ ಯಾರು ಕೊಡಿಸಿದ್ದು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅಕ್ಕನ ಅಂಗಡಿಗೆ ಬರುವ ಬಟ್ಟೆಯಲ್ಲಿ ಡ್ರೈವಿಂಗ್ ಶಾಲೆಯ ಅಂಗಿಗಳೂ ಇದ್ದವು ಎನ್ನುವುದು ಅವನಿಗೆ ಆಗಲೇ ಮೊದಲ ಬಾರಿಗೆ ಕಣ್ಣಿಗೆ ಬಿತ್ತು.

ಮುಂದಿನ ವಿಷಯ ಬಂತು: ನಡಿಗೆ. ಜನ ಗಾಡಿ ಬಿಟ್ಟು ನಡೆಯಬೇಕು, ಅದಕ್ಕೊಂದು ಹಾಡು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದುಕೊಂಡು ಅವನು ಒಂದು ಉಪಾಯ ಹೂಡಿದ. ಮೂವರಿಗೆ ಮೂರು ಗೊಂಚಲು ಕೊಡುವುದು. ಯಾರದು ಎದುರು ತಂಡದಲ್ಲಿ ಹಾಡಾಗುತ್ತದೋ ಅವರೇ ಕಳ್ಳರು.

ಹೆಂಡತಿಗೆ ದೀರ್ಘದ 'ರ' ಕೊಟ್ಟ: ದಾರಿ, ದೂರ, ಊರು, ಸೇರು. ಅವಳು, "ಇದನ್ನ ಯಾರಿಗೂ ಹೇಳ್ಬಾರದಾ? ನಂಗೆ ನೆನಪಿಟ್ಕೊಳ್ಳೋಕೇ ಪುರುಸೊತ್ತಿಲ್ಲ ಮಾರಾಯ್ರೆ," ಎಂದು ಪಾತ್ರೆ ತೊಳೆಯಲು ಹೋದಳು. ಡ್ರಮ್ಮಿನವನಿಗೆ ಗಿಡ್ಡ 'ಡ': ನಡೆ, ಎಡ, ಗಡಿ, ತಡ. "ಪದ ಯಾವುದಾದ್ರೇನು, ನಂಗೆ ಏಟೆಷ್ಟು ಹೇಳು," ಎಂದ ಅವನು.

ಅಕ್ಕನಿಗೆ 'ಜ್ಜ' ಕೊಟ್ಟ. ಯಾಕೆ ಅದನ್ನೇ ಕೊಟ್ಟೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಅದು ಅವನ ಜೀವಮಾನದ ಗೊಂಚಲು, ಅವಳ ಬಾಯಿಗಲ್ಲದೆ ಇನ್ಯಾರ ಬಾಯಿಗೂ ಅದನ್ನು ಹಾಕಲು ಮನಸ್ಸಾಗಲಿಲ್ಲ, ಅಷ್ಟೇ. ಒತ್ತಿನ ಹಿಂದೆ ದೀರ್ಘ ಬರುವುದು ಅಪರೂಪವಾದ್ದರಿಂದ ಪ್ರತಿ ವ್ಯಂಜನಕ್ಕೂ ಅ, ಇ, ಉ, ಎ, ಒ ಇಷ್ಟನ್ನೇ ಹಚ್ಚಿ ನೋಡಿದರೆ ಸಾಕಿತ್ತು. ಅಜ್ಜ, ಉಜ್ಜು. 'ಕ'ದಲ್ಲಿ ಕಜ್ಜಿ, ಥೂ. 'ಗ'ದಲ್ಲಿ ಗೆಜ್ಜೆ. ಚ, ಟ, ತ, ದ ಎಲ್ಲ ಬರಿದು. 'ಜ'ದಲ್ಲಿ ಜಜ್ಜು, 'ನ'ದಲ್ಲಿ ನುಜ್ಜು, 'ಬ'ದಲ್ಲಿ ಬೊಜ್ಜು, ನಡೆದರೆ ಕರಗುತ್ತದೆ ನಿಜ, ಆದರೆ ಪಲ್ಲವಿಯಲ್ಲಿ ಬೊಜ್ಜು ಎಂದು ಅಕ್ಕನ ಬಾಯಲ್ಲಿ ಹಾಡಿಸುವುದೆ? 'ಮ'ದಲ್ಲಿ ಮಜ್ಜೆ, ಮೂಳೆಯೊಳಗಿನದು, ಬೇಡ. 'ಲ'ದಲ್ಲಿ ಲಜ್ಜೆ. 'ಸ'ದಲ್ಲಿ ಸಜ್ಜು, ಸಜ್ಜೆ, ಅದು ರೊಟ್ಟಿಗೆ. 'ಹ'ದಲ್ಲಿ ಹೆಜ್ಜೆ. ಎರಡನೇ ಅಕ್ಷರದ ಸ್ವರವೂ ಸೇರಿದರೆ ಇಮ್ಮಡಿ ಸೊಗಸು ಎಂದು ಅವನಿಗೆ ನಾಲ್ಕೂ 'ಜ್ಜೆ' ಬೇಕಿತ್ತು. ಗೆಜ್ಜೆ, ಲಜ್ಜೆ, ಹೆಜ್ಜೆ ಸಿಕ್ಕವು. ನಾಲ್ಕನೆಯದು 'ವ'ದಲ್ಲಿ ಅವಿತಿತ್ತು: ವಜ್ಜೆ. ಎಂದರೆ ಭಾರ. ಮೂಟೆ ಹೊರುವವರು ಹೇಳುವ ಮಾತು, ಹಾಡಿನಲ್ಲಿ ಯಾರೂ ತಂದದ್ದಿಲ್ಲ. ಅದು ಸಿಕ್ಕಿದ ದಿನ ಅವನು ಮಿಷನ್ನು ನಿಲ್ಲಿಸಿ ಬೀದಿಗೆ ಬಂದು ಸುಮ್ಮನೆ ನಿಂತಿದ್ದ.

ಹೆಜ್ಜೆ ಹಾಕು ಹೆಜ್ಜೆ ಹಾಕು ಹಾದಿ ಕಾದಿದೆ
ಗೆಜ್ಜೆ ಏಕೆ, ಕಾಲು ತಾನೆ ತಾಳ ಹಾಕಿದೆ
ಲಜ್ಜೆ ಬೇಡ, ಬೀದಿಗಿಳಿಯೆ ಗಾಳಿ ಬೀಸಿದೆ
ವಜ್ಜೆ ಇಳಿಸು ಹೆಗಲಿನಿಂದ, ನಾಳೆ ನಿನ್ನದೆ

ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ತಾಳಕ್ಕೆ ಸರಿಯಾಗಿ ಊರುತ್ತ ಹಾಡಿಕೊಂಡಳು. 'ಹೆಜ್' ಎಂದಾಗ ಪೆಟ್ಟಿಗೆ ಕೆಳಗೆ, 'ಜೆ' ಎಂದಾಗ ಮುಂದಕ್ಕೆ. ಈ ಕಡೆ ಅವನು ಮಿಷನ್ನಿನ ಮುಂದೆ ಕುಳಿತು ಕೇಳಿದ. ಎಷ್ಟು ಚೆನ್ನಾಗಿ ಹಾಡುತ್ತಾಳೆ ಎಂದು ಒಂದು ಕಿವಿ, ಯಾರಿಗಾದರೂ ಕೇಳಲಿ ಎಂದೇ ಇಷ್ಟು ಜೋರಾಗಿ ಹಾಡುತ್ತಿದ್ದಾಳೆಯೇ ಎಂದು ಇನ್ನೊಂದು ಕಿವಿ.

ಎದುರು ತಂಡದ ಸರದಿ ಮೊದಲು ಬಂತು. ಮಧ್ಯಾಹ್ನ ರೇಡಿಯೊದಲ್ಲಿ ಹಾಡು ಶುರುವಾಯಿತು. 'ಗೆಜ್ಜೆಯಂತೆ ನುಡಿವ ಕಾಲು' ಎಂದು ಮೊದಲ ಸಾಲು. ಎರಡನೆಯದು ಲಜ್ಜೆ. ಮೂರನೆಯದರಲ್ಲಿ ವಜ್ಜೆ. ನಾಲ್ಕನೆಯದರಲ್ಲಿ ಹೆಜ್ಜೆ. ಅವನ ಕೈಯಲ್ಲಿದ್ದ ಕೀಲಿ ಮಿಷನ್ನಿಗೆ ಸಿಕ್ಕು ಅರ್ಧಕ್ಕೆ ತುಂಡಾಯಿತು.

ತಗಡಿನ ಆ ಕಡೆಯೂ ರೇಡಿಯೊ ಇತ್ತು. ಅಕ್ಕ ಹಾಡು ನಿಲ್ಲಿಸಿದ್ದಳು. ಅವನು ಹೋಗಿ ಬಾಗಿಲಲ್ಲಿ ನಿಂತ.

"ಯಾರಿಗೆ ಹೇಳ್ದೆ ಅಕ್ಕಾ?"

"ನಾನೂ ಅದೇ ಯೋಚ್ನೆ ಮಾಡ್ತಿದ್ದೆ ಕಣೋ, ಅವ್ರಿಗೆ ಹೇಗೆ ಸಿಕ್ತು ಅಂತ," ಎಂದಳು ಅವಳು. ಆಮೇಲೆ ಅವನ ಮುಖ ನೋಡಿದಳು. "ಏನಂದೆ?"

"ಯಾರಿಗೆ ಹೇಳ್ದೆ ಅಂದೆ. ಅವನ ಅಂಗಿಗಳು ನಿನ್ನ ಹತ್ರ ಬರ್ತವೆ."

"ಬರ್ತವೆ. ಅಂಗಿ ಬರ್ತವೆ, ಇಸ್ತ್ರಿ ಹಾಕಿ ಕಳಿಸ್ತೀನಿ. ಅಂಗಿ ಜೊತೆ ಹಾಡು ಮಡಿಚಿ ಕಳಿಸ್ತೀನಾ?"

ಆಗ ಅವನು ಗೆದ್ದವನ ಹಾಗೆ ಎಲ್ಲ ಹೇಳಿಬಿಟ್ಟ. ಮೂವರು, ಮೂರು ಗೊಂಚಲು, ದಾರಿ ಹೊರಗೆ ಬರಲಿಲ್ಲ, ನಡೆ ಹೊರಗೆ ಬರಲಿಲ್ಲ, ಬಂದದ್ದು ನಿನಗೆ ಕೊಟ್ಟದ್ದೊಂದೇ. ಹೇಳುವಾಗ ತನ್ನ ಜಾಣತನಕ್ಕೆ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು, ನಾಚಿಕೆಗೇಡು.

ಅಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.  "ಹಾಗಾದ್ರೆ ಇಷ್ಟು ದಿನ ನಾನು ಹಾಡಿದ್ದು ಹಾಡಲ್ಲ," ಎಂದಳು. "ಬಲೆ."

"ಮೊದ್ಲು ಕೇಳಿದ್ದಕ್ಕೆ ಉತ್ರ ಕೊಡು."

"ಯಾರಿಗೂ ಹೇಳಿಲ್ಲ. ಕೊಟ್ಟೆ ಉತ್ರ. ಈಗ ಹೋಗು, ಬಟ್ಟೆ ಬಹಳ ಇದೆ."

ನಡಿಗೆಯ ಹಾಡಿನ ಸರದಿಯಿಂದ ತಂಡದ ಹೆಸರನ್ನು ಅವನು ವಾಪಸು ತೆಗೆದುಕೊಂಡ, ಎದುರು ತಂಡದ ಹಾಡೇ ಆಯ್ಕೆಯಾಗಿ ದಿನವೂ ಬರತೊಡಗಿತು. ಅಕ್ಕ ಮತ್ತೆ ಅಭ್ಯಾಸಕ್ಕೆ ಬರಲಿಲ್ಲ, ಅವನೂ ಕರೆಯಲಿಲ್ಲ. ಬೆಳಿಗ್ಗೆ "ತಿಂದ್ಯಾ?" ಎಂದು ಕೇಳುವುದನ್ನು ಅವಳು ಬಿಡಲಿಲ್ಲ. ಅದರಲ್ಲೂ ಏನೋ ಮಸಲತ್ತು ಇದೆಯೆಂದು ಅವನು ಬರೀ "ಹೂಂ" ಎನ್ನುತ್ತಿದ್ದ. ತಗಡಿನ ಆ ಕಡೆಯಿಂದ ಗುನುಗು ನಿಂತುಹೋಯಿತು. "ಅಕ್ಕಂಗೆ ಹಾಗಂದ್ರಾ? ನಿಮ್ಮ ಬಾಯಿಗೆ ಹಾಕೋ ಬೀಗ ಇಲ್ವಾ ಅಂಗಡೀಲಿ?" ಎಂದು ಹೆಂಡತಿ ಒಂದು ವಾರ ಉಪ್ಪು ಕಡಿಮೆ ಹಾಕಿದಳು. ಅವನು ಜಗ್ಗಲಿಲ್ಲ. ಪುರಾವೆ ಇತ್ತಲ್ಲ.

ಅದಾದ ಮೇಲಿನ ವಿಷಯ ನಗೆ. ಅನುಮಾನದ ಪಿಶಾಚಿ ನಗೆಯ ಹಾಡು ಬರೆಯಲು ಕುಳಿತ. ಗಿಡ್ಡ ಸ್ವರದ ಮುಂದೆ 'ಗೆ' ಹಿಡಿದು ಹೊರಟ. ಈ ಸಲ ಯಾರಿಗೂ ಹೇಳಲಿಲ್ಲ, ಗೊಣಗಲೂ ಇಲ್ಲ, ತುಟಿ ಬಿಗಿದು ಮನಸ್ಸಿನಲ್ಲೇ ಸುತ್ತಿದ. ಅಗೆ, ಮಣ್ಣಿನದು, ಬೇಡ. ಒಗೆ, ಬಟ್ಟೆಯದು. 'ಧ'ದಲ್ಲಿ ಧಗೆ, ಒಳ್ಳೆಯದು. 'ನ'ದಲ್ಲಿ ನಗೆ. 'ಬ'ದಲ್ಲಿ ಬಗೆ. 'ಮ'ದಲ್ಲಿ ಮೊಗೆ, ನೀರು ಮೊಗೆಯುವುದು. 'ಹ'ದಲ್ಲಿ ಹಗೆ, ಹೊಗೆ. ನಗೆಯ ಎದುರು ನಿಲ್ಲಿಸಲು ಮೂರು ವೈರಿಗಳು ಸಿಕ್ಕಿದ್ದರು: ಹಗೆ, ಹೊಗೆ, ಧಗೆ. 'ಬೇಗೆ'ಯೂ ಧಗೆಯ ಅರ್ಥದ್ದೇ, ಆದರೆ ಮೊದಲ ಅಕ್ಷರ ಉದ್ದ, ಹೊರಗೆ. ಹಾಡುವವರಿಲ್ಲದೆ ಡ್ರಮ್ಮಿನವನೇ ಹಾಡಬೇಕಾಯಿತು. ಅವನ ಗಂಟಲಿನಲ್ಲಿ ನಗೆಗೂ ಹಗೆಗೂ ವ್ಯತ್ಯಾಸ ಕೇಳುತ್ತಿರಲಿಲ್ಲ.

ರೇಡಿಯೊ ಕಟ್ಟಡದ ಓಣಿಯಲ್ಲಿ, ದಪ್ಪ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕೂಲಿಂಗ್ ಗ್ಲಾಸು ಕುಳಿತಿದ್ದ. ಇವರು ಹಾಡಿ ಹೊರಗೆ ಬಂದಾಗ ಎದ್ದು ನಿಂತ.

"ಯಾರು ಹೇಳಿದ್ರು ನಿಮ್ಗೆ?"

"ಏನನ್ನ?"

"ಹಗೆ, ಹೊಗೆ, ಧಗೆ, ನಗೆ. ನಮ್ಮ ಡ್ರೈವಿಂಗ್ ಶಾಲೆಯ ಸಮಾರಂಭಕ್ಕೆ ನಾನು ಯಾವತ್ತೋ ಕಟ್ಟಿದ ಪಲ್ಲವಿ ಅದು. ನಾಲ್ಕಕ್ಕೆ ನಾಲ್ಕೂ! ಅವತ್ತು ಹಾಡಿದ ಹುಡುಗರು ಇನ್ನೂ ಇದ್ದಾರೆ, ಕರೆಸ್ತೀನಿ ಬೇಕಾದ್ರೆ. ನಮ್ಮಲ್ಲಿ ಯಾರನ್ನ ಹಿಡ್ಕೊಂಡ್ರಿ, ಹೇಳಿ."

 ಜೀವಮಾನವೆಲ್ಲ ಬೇರೆಯವರನ್ನು ಕಳ್ಳ ಅಂದವನಿಗೆ ಆ ಮಾತು ತನ್ನ ಮೇಲೆ ಬಿದ್ದಾಗ ಹೇಗೆ ಹಿಡಿಯಬೇಕೆಂದೇ ತಿಳಿಯಲಿಲ್ಲ. "ನಾನೇ ಮಾಡಿದ್ದು! ಗೆ ಇಟ್ಕೊಂಡು ಅ ಇಂದ ಹ ತನಕ ಒಂದೊಂದೇ ಹಾಕ್ಕೊಂಡು ಬಂದೆ. ಅಗೆ, ಒಗೆ, ಧಗೆ..."

"ನಗೆ, ಬಗೆ, ಮೊಗೆ," ಎಂದ ಕೂಲಿಂಗ್ ಗ್ಲಾಸು, ಮಾತಿನ ನಡುವೆಯೇ. ಮತ್ತೆ ನಿಧಾನವಾಗಿ, "ನೀವೂ ಹಾಗೇ ಮಾಡೋದಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇದೂ ನಾಟಕವಿರಬಹುದು ಎಂದು ನಮ್ಮವನಿಗೆ ಆಗಲೂ ಅನ್ನಿಸಿತು. ಅಕ್ಕನನ್ನು ಉಳಿಸಲು ಹೂಡಿದ ಆಟವಿದ್ದರೆ? ತನ್ನ ತಲೆ ಬಿಟ್ಟು ಇನ್ನೆಲ್ಲೂ ಇಲ್ಲದ ಒಂದು ಅಕ್ಷರವನ್ನು ಅವನ ಮುಂದೆ ಎಸೆದ. "ಬ್ಬು. ಹೇಳಿ ನೋಡೋಣ."

ಕೂಲಿಂಗ್ ಗ್ಲಾಸು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. ಸಣ್ಣ, ದಣಿದ ಕಣ್ಣುಗಳು. "ಉಬ್ಬು," ಎಂದ. ಬೆರಳು ಮಡಿಸುತ್ತ ಹೋದ. "ಕಬ್ಬು. ಕೊಬ್ಬು. ಗಬ್ಬು. ತಬ್ಬು. ಮಬ್ಬು. ಹಬ್ಬು... ಹುಬ್ಬು."

ಇವನ ಮನಸ್ಸಿನಲ್ಲಿ ಅದೇ ಪದಗಳು ಅದೇ ಸರದಿಯಲ್ಲಿ ಒಂದು ಉಸಿರು ಮುಂದೆ ಓಡುತ್ತಿದ್ದವು.

"ಆ ಜ್ಜೆ?" ಎಂದು ಕೇಳಿದ. 

"ಅದೂ ಹಾಗೇ. ನಡಿಗೆ ಅಂದ್ಮೇಲೆ ಹೆಜ್ಜೆ ಬರ್ಲೇಬೇಕು. ಹೆಜ್ಜೆ ಬಂದ್ರೆ ಉಳಿದ್ದು ಎಷ್ಟಿವೆ ಹೇಳಿ? ಸಿಕ್ಕ ಸಾಲಲ್ಲೇ ಇಟ್ಬಿಟ್ಟೆ. ಗ, ಲ, ವ, ಹ."

ಹೌದು. ಅವರ ಹಾಡು ಗೆಜ್ಜೆಯಿಂದ ಶುರುವಾಗಿ ಹೆಜ್ಜೆಯಲ್ಲಿ ಮುಗಿದಿತ್ತು, ವರ್ಣಮಾಲೆಯ ಸಾಲಿನಲ್ಲೇ. ಅಕ್ಕನಿಗೆ ತಾನು ಕೊಟ್ಟದ್ದು ಹೆಜ್ಜೆಯಿಂದ. ಕದ್ದಿದ್ದರೆ ಕದ್ದ ಸರದಿಯಲ್ಲೇ ಹಾಡಿಸುತ್ತಿದ್ದ. ರೇಡಿಯೊದಲ್ಲಿ ತಿಂಗಳುಗಟ್ಟಲೆ ಕೇಳಿಯೂ ತನ್ನ ಕಿವಿಗೆ ಅದು ಬಿದ್ದಿರಲಿಲ್ಲ. ಬೆಂಚಿನ ಮೇಲೆ ಕುಳಿತ. ಒಂದೇ ಬೀಗಕ್ಕೆ ಇಬ್ಬರು ಕೀಲಿ ಮಾಡಿದರೆ ಹಲ್ಲುಗಳು ಒಂದೇ ತರಹ ಇರುತ್ತವೆ, ಇದು ಗೊತ್ತಿರಬೇಕಾದದ್ದು ಲೋಕದಲ್ಲಿ ಅವನಿಗೇ. ದೀರ್ಘದ 'ರ'ದಲ್ಲಿ ಪದಗಳಿಗೆ ಲೆಕ್ಕವಿಲ್ಲ, ಗಿಡ್ಡ 'ಡ'ದಲ್ಲೂ ಇಲ್ಲ. ಅಲ್ಲಿ ಇಬ್ಬರು ಹೊರಟರೆ ಒಂದೇ ಕಡೆ ಮುಟ್ಟುವುದು ಕಷ್ಟ. 'ಜ್ಜೆ'ಯ ಓಣಿ ಇಕ್ಕಟ್ಟು, ಯಾರು ಹೊಕ್ಕರೂ ಅದೇ ಬಾಗಿಲಿಗೆ ಬರುತ್ತಾರೆ. ಬಲೆ ಬೀಸಿದಾಗಲೇ ಯಾರು ಬೀಳುತ್ತಾರೆಂದು ಅವನು ತನಗೇ ತಿಳಿಯದೆ ತೀರ್ಮಾನಿಸಿಬಿಟ್ಟಿದ್ದ. ಒಳ್ಳೆಯ ಗೊಂಚಲು ಯಾರಿಗೆ ಕೊಟ್ಟನೋ ಅವರೇ ಕಳ್ಳರಾಗುತ್ತಿದ್ದರು.

ಡ್ರಮ್ಮಿನವನು ಏನೂ ತಿಳಿಯದೆ, "ಹಾಡು ಆರಿಸ್ತಾರಾ?" ಎಂದು ಕೇಳಿದ. 

ಡಬಲ್ ಬೀಗ ಬಸ್ಸಿಗೂ ಕಾಯದೆ ನಡೆದುಕೊಂಡೇ ಬಂದ. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದದ್ದನ್ನು ಜೋಡಿಸಿಕೊಂಡ: ಅಕ್ಷರದ ಲೆಕ್ಕ, ಸಾಲಿನ ಲೆಕ್ಕ, 'ಬ್ಬು'ವಿನ ಪರೀಕ್ಷೆ. ಅವಳು ಒಂದೊಂದಾಗಿ ಕೇಳುತ್ತಾಳೆ, ತಾನು ಒಂದೊಂದಾಗಿ ಬಿಡಿಸುತ್ತೇನೆ, ಕೊನೆಗೆ ಅವಳಿಗೆ ಅರ್ಥವಾಗುತ್ತದೆ.

ಇಸ್ತ್ರಿ ಅಂಗಡಿಯಲ್ಲಿ ಅವಳು ಒಂದು ಬಿಳಿ ಅಂಗಿಯ ಕಾಲರಿಗೆ ಬಂದಿದ್ದಳು. ಅವನು ಬಾಗಿಲಲ್ಲೇ ನಿಂತು, "ಅಕ್ಕಾ, ನನ್ನ ಕಳ್ಳ ಅಂದ್ರು," ಎಂದ. ಜೋಡಿಸಿಕೊಂಡದ್ದರಲ್ಲಿ ಆ ಮಾತು ಇರಲಿಲ್ಲ. ಮೊದಲು ಹೊರಗೆ ಬಂದದ್ದು ಮಾತ್ರ ಅದೇ.

"ಯಾರು?"

"ಕೂಲಿಂಗ್ ಗ್ಲಾಸು. ನಗೆ, ಹಗೆ ಅಂತ ಹಾಡು ಮಾಡಿದ್ದೆ. ಅವನದ್ದೇ ಕದ್ದೆ ಅಂದ."

ಅಕ್ಕ ಪೆಟ್ಟಿಗೆ ನಿಲ್ಲಿಸಿ ಅವನನ್ನು ನೋಡಿದಳು. "ಕದ್ಯಾ?"

"ಇಲ್ಲ."

"ಸರಿ ಬಿಡು," ಎಂದು ಅವಳು ಕಾಲರನ್ನು ತಿರುವಿ ಹಾಕಿದಳು.

ಅವನು ಕಾದ. ಹೇಗೆ, ಏನು, ಯಾಕೆ, ಯಾವುದೂ ಬರಲಿಲ್ಲ. "ನಾಲ್ಕಕ್ಕೆ ನಾಲ್ಕು ಪದ ಒಂದೇ ಇದ್ವು ಅಕ್ಕಾ. ಹೇಗೆ ಅಂತ ಕೇಳಲ್ವಾ?"

"ಯಾಕೆ ಕೇಳ್ಲಿ? ಇಲ್ಲ ಅಂದ್ಯಲ್ಲ."

ಆಗ ಅವನಿಗೆ ಅಳು ತಡೆಯಲಾಗಲಿಲ್ಲ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಯಾರು ನೋಡುತ್ತಿದ್ದಾರೆ ಎಂದು ಅವನು ಹೊರಳಿ ನೋಡಲಿಲ್ಲ. ಅಳುತ್ತಲೇ ಎಲ್ಲ ಹೇಳಿದ, ತಪ್ಪಾಯಿತು ಎಂದ, ಅವಳ ಕೈ ಹಿಡಿಯಲು ಹೋಗಿ ಬಿಸಿ ಪೆಟ್ಟಿಗೆಗೆ ತಾಗಿಸಿಕೊಂಡ. ಅವಳು ಬೈದು, ಅವನ ಬೆರಳಿಗೆ ತಣ್ಣೀರು ಹಾಕಿದಳು. ಬೆನ್ನು ಸವರಿದಳು.

"ಬಾ ಅಕ್ಕಾ. ಮತ್ತೆ ಹಾಡು. ಜ್ಜೆ ನಿಂಗೇ ಅಂತ ಕಟ್ಟಿದ್ದು. ಅದನ್ನ ಬೇರೆ ಯಾರ ಕೈಲೂ ಹಾಡಿಸಲ್ಲ."

"ನಂಬ್ತೀನಿ ಕಣೋ," ಎಂದಳು ಅವಳು. "ಹಾಡಕ್ಕೆ ಮಾತ್ರ ಬರಲ್ಲ."

"ಇನ್ನೂ ಕೋಪಾನಾ?"

"ಕೋಪ ಅವತ್ತೇ ಹೋಯ್ತು. ನೀನು ಪದ ಕೊಟ್ಟಾಗೆಲ್ಲ ಇದು ಹಾಡೋ, ಬಲೆನೋ ಅಂತ ನಾನು ನೋಡ್ಬೇಕಾಗತ್ತೆ. ನೋಡ್ದೆ ಇರಕ್ಕಾಗಲ್ಲ, ಒಂದ್ಸಲ ಕಾಲು ಸಿಕ್ಕಿಹಾಕ್ಕೊಂಡಿದೆ. ಹಾಗೆ ನೋಡ್ತಾ ನೋಡ್ತಾ ಹಾಡಕ್ಕೆ ನಂಗೆ ಬರಲ್ಲ. ನಿನ್ನ ಕಾಯ್ಲೆ ನಂಗೆ ಅಂಟಿಸ್ಬೇಡ ಪುಟ್ಟಾ."

ಅವನು ಬಾಯಿ ತೆರೆದ. ಈಗ ಕೊಡುವ ಗೊಂಚಲಿನಲ್ಲಿ ಬಲೆಯಿಲ್ಲ ಎಂದು ತೋರಿಸುವ ಪುರಾವೆ ಯಾವುದಿದೆ ಎಂದು ಹುಡುಕಿದ. 'ಅ'ದಿಂದ 'ಹ'ದವರೆಗೆ ಏನೂ ಸಿಗಲಿಲ್ಲ. ಅಕ್ಕ ಬಿಳಿ ಅಂಗಿಯನ್ನು ಮಡಿಚಿ ಪಕ್ಕಕ್ಕಿಟ್ಟು, ಮುಂದಿನದಕ್ಕೆ ನೀರು ಚಿಮುಕಿಸಿದಳು.